ಮೂರು ಸುವಾರ್ತೆ, ಒಂದೇ ಮಾತು: ಯಾರು ಯಾರನ್ನು ನೋಡಿ ಬರೆದರು?

ಸ್ನಾನಿಕ ಯೋಹಾನ ತನ್ನ ಬಳಿ ಬಂದವರನ್ನು ಹಾವಿನ ಮರಿಗಳೇ ಎಂದು ಗದರಿಸುವ ಭಾಷಣವೊಂದು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಒಮ್ಮೆ, ಲೂಕನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಇನ್ನೊಮ್ಮೆ. ಅಬ್ರಹಾಮನ ವಂಶದವರು ಎಂದು ಬೀಗಬೇಡಿ, ಕೊಡಲಿ ಆಗಲೇ ಮರದ ಬುಡಕ್ಕೆ ಬಂದಿದೆ, ಒಳ್ಳೆಯ ಫಲ ಕೊಡದ ಮರ ಬೆಂಕಿಯ ಪಾಲು ಎಂಬುದು ಅದರ ಸಾರ. ಮೂಲ ಗ್ರೀಕಿನಲ್ಲಿ ಮತ್ತಾಯನ ಭಾಷಣದಲ್ಲಿ 63 ಪದಗಳಿವೆ, ಲೂಕನದರಲ್ಲಿ 64. ಲೂಕನಲ್ಲಿ ‘ಫಲ’ ಬಹುವಚನವಾಗಿದೆ, ಜೊತೆಗಿರುವ ವಿಶೇಷಣವೂ ಹಾಗೇ ಬದಲಾಗಿದೆ. ಒಂದು ಕ್ರಿಯಾಪದ ಬೇರೆ. ಒಂದು ಪುಟ್ಟ ‘ಕೂಡ’ ಹೆಚ್ಚಿಗೆ ಸೇರಿದೆ. ಉಳಿದ ಪದಗಳೆಲ್ಲ ಅದೇ ಸಾಲಿನಲ್ಲಿ, ಅದೇ ರೂಪದಲ್ಲಿವೆ.

ಯೋಹಾನ ಮಾತನಾಡಿದ್ದು ಗ್ರೀಕಿನಲ್ಲಲ್ಲ. ಅವನದೂ ಯೇಸುವಿನದೂ ಮನೆಮಾತು ಅರಮೇಯಿಕ್. ಕನ್ನಡದ ಒಂದು ಭಾಷಣವನ್ನು ಇಬ್ಬರು ಪತ್ರಕರ್ತರು ಬೇರೆ ಬೇರೆ ಕಡೆ ಕುಳಿತು ಇಂಗ್ಲಿಷಿಗೆ ಮಾಡಿದರೆ ಅರ್ಥ ಒಂದೇ ಇದ್ದೀತು, ಆದರೆ ಅರವತ್ತು ಪದ ಸಾಲಾಗಿ ಹೊಂದಿಕೊಳ್ಳುವುದಿಲ್ಲ. ಹೊಂದಿಕೊಂಡರೆ ಒಬ್ಬರ ಬರಹ ಇನ್ನೊಬ್ಬರ ಮುಂದಿತ್ತು, ಇಲ್ಲವೇ ಇಬ್ಬರ ಮುಂದೆಯೂ ಮೂರನೆಯ ಬರಹವೊಂದಿತ್ತು ಎನ್ನಬೇಕಾಗುತ್ತದೆ. ಸುವಾರ್ತೆಗಳ ವಿಷಯದಲ್ಲಿ ವಿದ್ವಾಂಸರು ಎರಡೂವರೆ ಶತಮಾನದಿಂದ ಬಿಡಿಸಲು ಯತ್ನಿಸುತ್ತಿರುವ ಗಂಟು ಇದೇ. ಇದಕ್ಕೆ ಸಿನಾಪ್ಟಿಕ್ ಸಮಸ್ಯೆ ಎಂಬ ಹೆಸರು ನಿಂತಿದೆ.

ನಾಲ್ಕು ಸುವಾರ್ತೆಗಳಲ್ಲಿ ಯೋಹಾನನ ಸುವಾರ್ತೆಯ ದಾರಿ ಬೇರೆ. (ಈ ಲೇಖಕ ಯೋಹಾನ, ಮೇಲಿನ ಸ್ನಾನಿಕ ಯೋಹಾನನಲ್ಲ.) ಮತ್ತಾಯ, ಮಾರ್ಕ, ಲೂಕ ಈ ಮೂರು ಮಾತ್ರ ಹೆಚ್ಚುಕಡಿಮೆ ಒಂದೇ ಕಥೆಗಳನ್ನು, ಬಹುಪಾಲು ಒಂದೇ ಅನುಕ್ರಮದಲ್ಲಿ, ಎಷ್ಟೋ ಕಡೆ ಒಂದೇ ಪದಗಳಲ್ಲಿ ಹೇಳುತ್ತವೆ. ಜರ್ಮನಿಯ ಯೊಹಾನ್ ಯಾಕೋಬ್ ಗ್ರೀಸ್‌ಬಾಖ್ 1770ರ ದಶಕದಲ್ಲಿ ಈ ಮೂರನ್ನೂ ಪಕ್ಕಪಕ್ಕದ ಕಾಲಮ್ಮುಗಳಲ್ಲಿ ಅಚ್ಚು ಹಾಕಿಸಿದರು. ಒಂದೇ ನೋಟಕ್ಕೆ ಮೂರೂ ಕಾಣುವ ಆ ಪುಸ್ತಕಕ್ಕೆ ಸಿನಾಪ್ಸಿಸ್ ಎಂದು ಹೆಸರು. ಅಲ್ಲಿಯವರೆಗೆ ವಿದ್ವಾಂಸರು ಈ ಗ್ರಂಥಗಳನ್ನು ಹೊಂದಿಸಿ ಒಂದೇ ಜೀವನಚರಿತ್ರೆ ಮಾಡಲು ಹೆಣಗುತ್ತಿದ್ದರು. ಕಾಲಮ್ಮುಗಳು ಬಂದ ಮೇಲೆ, ಯಾವ ಪದ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕೇಳಲು ಸಾಧ್ಯವಾಯಿತು. ಇಂದಿಗೂ ಆರಂಭಿಕ ಕ್ರೈಸ್ತ ಗ್ರಂಥಗಳನ್ನು ಓದುವ ಪದವಿ ವಿದ್ಯಾರ್ಥಿಗಳಿಗೆ ಮೊದಲು ಮಾಡಿಸುವ ಅಭ್ಯಾಸಗಳಲ್ಲಿ ಇದೂ ಒಂದು: ಮೂರೂ ಕಾಲಮ್ಮುಗಳಲ್ಲಿ ಇರುವ ಪದಕ್ಕೆ ಒಂದು ಬಣ್ಣ, ಎರಡರಲ್ಲಿ ಮಾತ್ರ ಇರುವುದಕ್ಕೆ ಬೇರೆ ಬಣ್ಣ.

ಬಾಯಿಮಾತಿನ ಪರಂಪರೆಯಿಂದಲೇ ಇಷ್ಟು ಸಾಮ್ಯ ಬಂದಿರಬಾರದೇ ಎಂದು ಕೇಳಬಹುದು. ಯೇಸುವಿನ ಮಾತುಗಳನ್ನು ಶಿಷ್ಯರು ಬಾಯಿಪಾಠ ಮಾಡಿಕೊಂಡಿರಬಹುದು, ನಿಜ. ಆದರೆ ಮಾರ್ಕನ 13ನೇ ಅಧ್ಯಾಯದಲ್ಲಿ, ಯೇಸು ಮುಂಬರುವ ವಿನಾಶದ ಬಗ್ಗೆ ಹೇಳುತ್ತಿರುವಾಗ, ಮಾತಿನ ನಡುವೆ ಲೇಖಕ ತಲೆ ಹಾಕಿ, ಇದನ್ನು ಓದುವವನು ಗಮನಿಸಲಿ ಎಂದು ತನ್ನ ಕಡೆಯಿಂದ ಒಂದು ಸೂಚನೆ ಸೇರಿಸುತ್ತಾನೆ. ಅದು ಕೇಳುಗನಿಗೆ ಹೇಳಿದ್ದಲ್ಲ, ಓದುಗನಿಗೆ ಹೇಳಿದ್ದು. ಮತ್ತಾಯನ 24ನೇ ಅಧ್ಯಾಯದಲ್ಲಿ ಅದೇ ವಾಕ್ಯದ ಅದೇ ಜಾಗದಲ್ಲಿ ಅದೇ ಸೂಚನೆ ಇದೆ. ಇಂಥದ್ದು ಬಾಯಿಂದ ಬಾಯಿಗೆ ಬರುವುದಿಲ್ಲ, ಬರಹದಿಂದ ಬರಹಕ್ಕೆ ಬರುತ್ತದೆ. ಲೂಕನಂತೂ ತನ್ನ ಮೊದಲ ವಾಕ್ಯದಲ್ಲೇ, ತನಗಿಂತ ಮುಂಚೆ ಅನೇಕರು ಈ ವೃತ್ತಾಂತ ಬರೆಯಲು ಕೈ ಹಾಕಿದ್ದಾರೆ ಎಂದು ಹೇಳಿಕೊಂಡೇ ಶುರು ಮಾಡುತ್ತಾನೆ.

ಹಾಗಾದರೆ ಯಾರು ಮೊದಲು?

ಚರ್ಚಿನ ಹಳೆಯ ಉತ್ತರ ಮತ್ತಾಯ. ಕ್ರಿ.ಶ. 400ರ ಹೊತ್ತಿಗೆ ಬರೆದ ಅಗಸ್ಟೀನ್, ಮಾರ್ಕ ಮತ್ತಾಯನನ್ನೇ ಹಿಂಬಾಲಿಸಿ ಸಂಕ್ಷೇಪಿಸಿದವನು ಎಂದು ಭಾವಿಸಿದ್ದ. ಮೇಲುನೋಟಕ್ಕೆ ಒಪ್ಪುವ ಮಾತೇ. ಮಾರ್ಕನ ಗ್ರಂಥದಲ್ಲಿ ಸುಮಾರು 660 ವಚನಗಳಿವೆ, ಮತ್ತಾಯನದರಲ್ಲಿ ಸಾವಿರಕ್ಕೂ ಹೆಚ್ಚು. ಮಾರ್ಕನಲ್ಲಿರುವ ವಿಷಯದ ಶೇಕಡ 90ರಷ್ಟು ಯಾವುದೋ ರೂಪದಲ್ಲಿ ಮತ್ತಾಯನಲ್ಲಿದೆ, ಅರ್ಧಕ್ಕಿಂತ ತುಸು ಹೆಚ್ಚು ಲೂಕನಲ್ಲಿದೆ. ಚಿಕ್ಕದು ದೊಡ್ಡದರ ಸಂಗ್ರಹವಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಕಥೆ ಕಥೆಯಾಗಿ ಅಳೆದರೆ ಲೆಕ್ಕ ತಿರುಗಿಬೀಳುತ್ತದೆ. ಮಾರ್ಕನ ಐದನೇ ಅಧ್ಯಾಯ ಪೂರ್ತಿ ಮೂರು ಪವಾಡಗಳ ಕಥೆ: ಸಮಾಧಿಗಳ ನಡುವೆ ಬದುಕುತ್ತಿದ್ದ ದೆವ್ವ ಹಿಡಿದವನದು, ರಕ್ತಸ್ರಾವದ ಹೆಂಗಸಿನದು, ಯಾಯೀರನ ಮಗಳದು. ಅಲ್ಲಿ 43 ವಚನ ಹಿಡಿಸಿದ ಈ ಮೂರು ಕಥೆಗಳು ಮತ್ತಾಯನಲ್ಲಿ 16 ವಚನಗಳಲ್ಲಿ ಮುಗಿಯುತ್ತವೆ. ಸಂಕ್ಷೇಪ ಮಾಡಲು ಕುಳಿತವನು ಪ್ರತಿ ಕಥೆಯನ್ನೂ ಎಳೆದು ಉದ್ದ ಮಾಡಿ, ಪರ್ವತ ಪ್ರಸಂಗವನ್ನೂ ಯೇಸು ಕಲಿಸಿದ ಪ್ರಾರ್ಥನೆಯನ್ನೂ ಜನನದ ವೃತ್ತಾಂತವನ್ನೂ ಬಿಟ್ಟುಬಿಟ್ಟ ಎನ್ನುವುದು ನನಗೆ ನಂಬಿಕೆ ಬರುವ ಮಾತಲ್ಲ. ಮತ್ತಾಯನೇ ಮಾರ್ಕನನ್ನು ಮುಂದಿಟ್ಟುಕೊಂಡು, ಕಥೆಗಳನ್ನು ಚೊಕ್ಕ ಮಾಡಿ, ತನ್ನ ಬಳಿಯಿದ್ದ ಬೋಧನೆಗಳಿಗೆ ಜಾಗ ಮಾಡಿಕೊಂಡ ಎಂದರೆ ಎಲ್ಲವೂ ಸರಿಹೊಂದುತ್ತದೆ.

ಇದು ಅಂದಾಜಾಯಿತು. ಪುರಾವೆಗೆ ಹತ್ತಿರ ಬರುವುದು ಬೇಕಿದ್ದರೆ ಸ್ನಾನಿಕ ಯೋಹಾನನ ಕೊಲೆಯ ಪ್ರಸಂಗವನ್ನು ಎರಡೂ ಕಡೆ ನಿಧಾನವಾಗಿ ಓದಬೇಕು.

ಮಾರ್ಕನ ಆರನೇ ಅಧ್ಯಾಯದಲ್ಲಿ ಕಥೆ ಹೀಗಿದೆ. ಯೇಸುವಿನ ಸುದ್ದಿ ಅರಸ ಹೆರೋದನ ಕಿವಿಗೆ ಬೀಳುತ್ತದೆ. ತಾನು ತಲೆ ಕಡಿಸಿದ ಯೋಹಾನನೇ ಎದ್ದುಬಂದಿದ್ದಾನೆ ಎಂದು ಅವನು ಹೇಳುತ್ತಾನೆ. ಆಗ ಲೇಖಕ ಹಿಂದಕ್ಕೆ ಹೋಗಿ ಆ ಕೊಲೆ ಹೇಗಾಯಿತೆಂದು ವಿವರಿಸುತ್ತಾನೆ. ಹೆರೋದ ತನ್ನ ಸಹೋದರನ ಹೆಂಡತಿ ಹೆರೋದ್ಯಳನ್ನು ಮದುವೆಯಾದದ್ದು ತಪ್ಪು ಎಂದು ಯೋಹಾನ ಹೇಳಿದ್ದ. ಆ ಸಿಟ್ಟಿಗೆ ಹೆರೋದ್ಯ ಅವನನ್ನು ಕೊಲ್ಲಿಸಲು ಹವಣಿಸುತ್ತಿದ್ದಳು, ಆದರೆ ಅವಳಿಂದ ಆಗಿರಲಿಲ್ಲ. ಯಾಕೆಂದರೆ ಯೋಹಾನ ನೀತಿವಂತ ಎಂದು ಬಲ್ಲ ಹೆರೋದ ಅವನನ್ನು ಕಾಪಾಡುತ್ತಿದ್ದ, ಅವನ ಮಾತಿನಿಂದ ಗಲಿಬಿಲಿಗೊಂಡರೂ ಇಷ್ಟಪಟ್ಟು ಕೇಳುತ್ತಿದ್ದ. ಹುಟ್ಟುಹಬ್ಬದ ಔತಣಕ್ಕೆ ಅಧಿಕಾರಿಗಳು, ಸೇನಾಪತಿಗಳು, ಗಲಿಲಾಯದ ಪ್ರಮುಖರು ಸೇರುತ್ತಾರೆ. ಮಗಳು ಕುಣಿಯುತ್ತಾಳೆ, ಹೆರೋದ ಕೇಳಿದ್ದು ಕೊಡುತ್ತೇನೆಂದು ಆಣೆ ಇಡುತ್ತಾನೆ, ಅವಳು ತಾಯಿಯನ್ನು ಕೇಳಿಕೊಂಡು ಬಂದು ಯೋಹಾನನ ತಲೆ ಬೇಡುತ್ತಾಳೆ. ಅರಸನಿಗೆ ಬಹಳ ದುಃಖವಾಗುತ್ತದೆ. ಆದರೂ ಇಟ್ಟ ಆಣೆಗೂ ಕೂತ ಅತಿಥಿಗಳಿಗೂ ಅಂಜಿ ಒಪ್ಪುತ್ತಾನೆ. ಒಂದು ಎಳೆಯೂ ತಪ್ಪದ ಕಥೆ. ದುಃಖಕ್ಕೆ ಕಾರಣ ಮೊದಲೇ ಬಂದಿದೆ, ಅತಿಥಿಗಳೂ ಮೊದಲೇ ಬಂದು ಕೂತಿದ್ದಾರೆ.

ಈಗ ಮತ್ತಾಯನ 14ನೇ ಅಧ್ಯಾಯಕ್ಕೆ ಬನ್ನಿ. ಮೊದಲ ಬದಲಾವಣೆ ಮೊದಲ ಸಾಲಿನಲ್ಲೇ. ಈ ಹೆರೋದ ಅಂತಿಪ ನಿಜಕ್ಕೂ ಅರಸನಲ್ಲ. ಅವನು ಟೆಟ್ರಾರ್ಕ್, ಅಂದರೆ ರೋಮಿನ ಕೈಕೆಳಗೆ ಗಲಿಲಾಯ ಮತ್ತು ಪೆರಿಯ ಎಂಬ ಸೀಮೆಗಳನ್ನು ಆಳುತ್ತಿದ್ದ ಸಾಮಂತ. ಅರಸನೆಂಬ ಪಟ್ಟ ಬೇಕೆಂದು ಹೆಂಡತಿಯ ಒತ್ತಾಯಕ್ಕೆ ರೋಮಿಗೆ ಹೋಗಿ, ಕ್ರಿ.ಶ. 39ರಲ್ಲಿ ಇದ್ದ ಅಧಿಕಾರವನ್ನೂ ಕಳೆದುಕೊಂಡು ಗಡೀಪಾರಾದವನು ಎಂದು ಯೆಹೂದಿ ಇತಿಹಾಸಕಾರ ಯೊಸೇಫಸ್ ಬರೆದಿದ್ದಾನೆ. ಮತ್ತಾಯನಿಗೆ ಈ ವ್ಯತ್ಯಾಸ ಗೊತ್ತು. ಹಾಗಾಗಿ ಮಾರ್ಕ ‘ಅರಸ’ ಎಂದಲ್ಲಿ ಅವನು ಸರಿಯಾಗಿ ‘ಟೆಟ್ರಾರ್ಕ್’ ಎಂದು ಬರೆಯುತ್ತಾನೆ. ಎರಡನೇ ಬದಲಾವಣೆ ಇನ್ನೂ ದೊಡ್ಡದು. ಇಲ್ಲಿ ಯೋಹಾನನನ್ನು ಕೊಲ್ಲಬೇಕೆಂದಿರುವವನು ಹೆರೋದನೇ. ಜನರು ಯೋಹಾನನನ್ನು ಪ್ರವಾದಿ ಎಂದು ನಂಬಿದ್ದರಿಂದ ಅವರಿಗೆ ಹೆದರಿ ಸುಮ್ಮನಿದ್ದಾನೆ ಅಷ್ಟೆ.

ಮುಂದೆ ಓದಿದರೆ, ಮಗಳು ತಲೆ ಕೇಳಿದ ಕೂಡಲೇ ಮತ್ತಾಯನೂ ಅರಸನಿಗೆ ದುಃಖವಾಯಿತು ಎಂದು ಬರೆಯುತ್ತಾನೆ. ಎಂಟು ವಚನ ಹಿಂದೆ ಟೆಟ್ರಾರ್ಕ್ ಆಗಿದ್ದವನು ಇಲ್ಲಿ ಅರಸನಾಗಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಯಾರನ್ನು ಕೊಲ್ಲಬೇಕೆಂದು ಕಾಯುತ್ತಿದ್ದನೋ ಅವನ ತಲೆ ಕೇಳಿದರೆ ದುಃಖವೇಕೆ? ಸಂತೋಷವಾಗಬೇಕಿತ್ತಲ್ಲವೇ? ಆಣೆಗೂ ಅತಿಥಿಗಳಿಗೂ ಅಂಜಿ ಒಪ್ಪಿದ ಎಂಬುದೂ ಹಾಗೇ ಬರುತ್ತದೆ, ಆದರೆ ಮತ್ತಾಯ ಔತಣದ ವಿವರವನ್ನೆಲ್ಲ ಕತ್ತರಿಸಿದ್ದರಿಂದ ಅತಿಥಿಗಳು ಎಲ್ಲಿಂದ ಬಂದರೆಂದು ಅವನನ್ನು ಮಾತ್ರ ಓದುವವರಿಗೆ ತಿಳಿಯುವುದೇ ಇಲ್ಲ.

ಕೊನೆಯದು ನನಗೆ ಎಲ್ಲಕ್ಕಿಂತ ಬಲವಾದ ಸುಳಿವು ಎನಿಸುತ್ತದೆ. ಎರಡೂ ಕಡೆ ಕೊಲೆಯ ಕಥೆ ಹಿಂದೆಂದೋ ನಡೆದದ್ದು. ಮಾರ್ಕ ಅದನ್ನು ಹೇಳಿ ಮುಗಿಸಿ ವರ್ತಮಾನಕ್ಕೆ ಮರಳುತ್ತಾನೆ: ಊರೂರಿಗೆ ಹೋಗಿದ್ದ ಅಪೊಸ್ತಲರು ಹಿಂದಿರುಗಿ ಯೇಸುವಿಗೆ ವರದಿ ಒಪ್ಪಿಸುತ್ತಾರೆ, ಆಮೇಲೆ ಎಲ್ಲರೂ ದೋಣಿ ಹತ್ತಿ ನಿರ್ಜನ ಸ್ಥಳಕ್ಕೆ ಹೊರಡುತ್ತಾರೆ. ಮತ್ತಾಯನಲ್ಲಿ ಯೋಹಾನನ ಶಿಷ್ಯರು ಶವವನ್ನು ಹೂಳಿಟ್ಟು ಬಂದು ಯೇಸುವಿಗೆ ತಿಳಿಸುತ್ತಾರೆ, ಯೇಸು ಅದನ್ನು ಕೇಳಿ ದೋಣಿ ಹತ್ತಿ ನಿರ್ಜನ ಸ್ಥಳಕ್ಕೆ ಹೊರಡುತ್ತಾನೆ. ಹಿಂದಿನ ಕಥೆಯೊಳಗೆ ಹೋದ ಲೇಖಕ ಹೊರಗೆ ಬರುವುದನ್ನೇ ಮರೆತಿದ್ದಾನೆ. ಯೋಹಾನ ಸತ್ತು ಎದ್ದುಬಂದಿದ್ದಾನೆ ಎಂದು ಹೆರೋದ ಹೇಳಿದ ಮೇಲೆ, ಆ ಸಾವಿನ ಸುದ್ದಿ ಯೇಸುವಿಗೆ ಈಗ ತಲುಪುತ್ತದೆ.

ಈ ಎಡವಟ್ಟುಗಳಿಗೆಲ್ಲ ಒಂದೇ ವಿವರಣೆ ಸಾಕು. ಮತ್ತಾಯನ ಮುಂದೆ ಮಾರ್ಕನ ಸುರುಳಿ ತೆರೆದಿತ್ತು. ಕಥೆಯ ಆರಂಭದಲ್ಲಿ ಗಮನವಿಟ್ಟು ತಿದ್ದಿದ. ಮುಂದುವರಿದಂತೆ ಗಮನ ಸಡಿಲವಾಗಿ, ಮೂಲದ ಮಾತು ಮೂಲದ ಹಾಗೇ ಇಳಿದುಬಂತು. ಬ್ರಿಟಿಷ್ ವಿದ್ವಾಂಸ ಮಾರ್ಕ್ ಗುಡ್‌ಏಕರ್ 1998ರ ಲೇಖನವೊಂದರಲ್ಲಿ ಇದನ್ನು ಸಂಪಾದಕನ ಆಯಾಸ ಎಂದು ಕರೆದು, ಇಂಥ ಹಲವು ಜಾಗಗಳನ್ನು ತೋರಿಸಿದರು. ಈ ಸುಳಿವಿನ ಗುಣವೇನೆಂದರೆ ಅದನ್ನು ತಿರುಗಿಸುವುದು ಕಷ್ಟ. ಮಾರ್ಕನೇ ಮತ್ತಾಯನನ್ನು ನೋಡಿ ಬರೆದ ಎಂದುಕೊಳ್ಳಿ. ಆಗ ಅವನು ಸರಿಯಾಗಿದ್ದ ‘ಟೆಟ್ರಾರ್ಕ್’ ತೆಗೆದು ತಪ್ಪು ಪಟ್ಟ ಹಾಕಿ, ಮತ್ತಾಯ ಅರ್ಥವಿಲ್ಲದೆ ಉಳಿಸಿದ ಒಂದು ‘ದುಃಖ’ಕ್ಕಾಗಿ ಹೊಸ ಕಾರಣವನ್ನೇ ಹೆಣೆದು, ಗೋಜಲಾಗಿದ್ದ ಕಾಲವನ್ನೂ ಬಿಡಿಸಿದ ಎನ್ನಬೇಕು. ಅಸಾಧ್ಯವಲ್ಲ, ಆದರೆ ದೂರದ ಮಾತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲು ಬರೆದದ್ದೇ ಹೆಚ್ಚು ನಿಜ ಎಂದು ಇದರಿಂದ ಸಾಬೀತಾಗುವುದಿಲ್ಲ. ಯೊಸೇಫಸ್ ಕೂಡ ಯೋಹಾನನ ಕೊಲೆಯ ಬಗ್ಗೆ ಬರೆದಿದ್ದಾನೆ. ಅವನ ಪ್ರಕಾರ ಹೆರೋದ ಯೋಹಾನನನ್ನು ಕೊಲ್ಲಿಸಿದ್ದು, ಜನರ ಮೇಲೆ ಅವನಿಗಿದ್ದ ಹಿಡಿತ ದಂಗೆಗೆ ದಾರಿಯಾದೀತೆಂಬ ಭಯಕ್ಕೆ. ಔತಣ, ನೃತ್ಯ ಯಾವುದೂ ಅಲ್ಲಿಲ್ಲ. ತಾನೇ ಕೊಲ್ಲಬಯಸಿದ ಹೆರೋದ ಎಂಬ ಮತ್ತಾಯನ ಚಿತ್ರ ಈ ವರದಿಗೆ ಮಾರ್ಕನ ಚಿತ್ರಕ್ಕಿಂತ ಹತ್ತಿರ. ಯಾರು ಯಾರನ್ನು ನೋಡಿ ಬರೆದರು ಎಂಬುದು ಒಂದು ಪ್ರಶ್ನೆ, ನಡೆದದ್ದೇನು ಎಂಬುದು ಇನ್ನೊಂದು.

ಹೀಗೆ ಮಾರ್ಕ ಮೊದಲು, ಬಹುಶಃ ಕ್ರಿ.ಶ. 70ರ ಆಸುಪಾಸು, ಆಮೇಲೆ ಅವನನ್ನು ಬಳಸಿಕೊಂಡ ಮತ್ತಾಯ ಮತ್ತು ಲೂಕ ಎಂಬುದು ಇಂದು ಬಹುಪಾಲು ವಿದ್ವಾಂಸರು ಒಪ್ಪಿದ ಮಾತು. ಆದರೆ ಇದರಿಂದ ಅರ್ಧ ಗಂಟು ಮಾತ್ರ ಬಿಚ್ಚಿಕೊಳ್ಳುತ್ತದೆ. ಹಾವಿನ ಮರಿಗಳ ಆ 63 ಪದಗಳು ಮಾರ್ಕನಲ್ಲಿ ಇಲ್ಲವೇ ಇಲ್ಲ. ಅಂಥ ಸುಮಾರು 230 ವಚನಗಳು ಮತ್ತಾಯ ಮತ್ತು ಲೂಕ ಇಬ್ಬರಲ್ಲಿ ಮಾತ್ರ ಇವೆ, ಹೆಚ್ಚಿನವು ಯೇಸುವಿನ ಬೋಧನೆಗಳು. ಅವು ಎಲ್ಲಿಂದ ಬಂದವು?

1838ರಲ್ಲಿ ಕ್ರಿಸ್ಟಿಯಾನ್ ಹರ್ಮನ್ ವೈಸ್ಸೆ ಕೊಟ್ಟ ಉತ್ತರ ಇಂದಿಗೂ ಪಠ್ಯಪುಸ್ತಕಗಳ ಉತ್ತರ: ಮಾರ್ಕನ ಜೊತೆಗೆ, ಈಗ ಕಳೆದುಹೋಗಿರುವ ಬೋಧನೆಗಳ ಸಂಗ್ರಹವೊಂದು ಇಬ್ಬರ ಕೈಯಲ್ಲೂ ಇತ್ತು. ಮೂಲ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ ಹಿಡಿದು ಅದನ್ನು ‘ಕ್ಯೂ’ ಎನ್ನುತ್ತಾರೆ. ಇದರ ಒಂದು ಪ್ರತಿಯೂ ಸಿಕ್ಕಿಲ್ಲ. ಹಾಗೆಂದು ಅದನ್ನು ಕಲ್ಪನೆ ಎಂದು ತಳ್ಳಿಹಾಕುವಂತೆಯೂ ಇಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ತೋಮನ ಸುವಾರ್ತೆ ಕಥೆಯೇ ಇಲ್ಲದ 114 ಮಾತುಗಳ ಸಂಗ್ರಹ. ಅದು ಕ್ಯೂ ಅಲ್ಲ, ಆದರೆ ಇಂಥ ಪುಸ್ತಕಗಳು ಆಗ ಇದ್ದವೆಂದು ತೋರಿಸಿತು. ಒಂದೇ ಮಾತು ಲೂಕನಲ್ಲಿ ಕೆಲವೊಮ್ಮೆ ಹೆಚ್ಚು ಹಳೆಯ ರೂಪದಲ್ಲಿ ಕಾಣುವುದೂ ಕ್ಯೂ ಪರವಾದ ವಾದ. ಲೂಕನ ಯೇಸು ಧನ್ಯರು ಎನ್ನುವುದು ಬಡವರನ್ನು, ಮತ್ತಾಯನ ಯೇಸು ಆತ್ಮದಲ್ಲಿ ಬಡವರಾದವರನ್ನು. ಬರೀ ಬಡತನಕ್ಕೆ ಆಮೇಲೆ ಯಾರೋ ಆತ್ಮವನ್ನು ಸೇರಿಸಿದರು ಎನ್ನುವುದು ಸುಲಭ.

ಕ್ಯೂ ಬೇಡ ಎನ್ನುವವರೂ ಇದ್ದಾರೆ. ಆಕ್ಸ್‌ಫರ್ಡಿನ ಆಸ್ಟಿನ್ ಫಾರರ್ 1955ರಲ್ಲಿ ಹೇಳಿದ್ದು ಸರಳ: ಲೂಕ ಮಾರ್ಕನನ್ನು ಓದಿದ್ದ, ಮತ್ತಾಯನನ್ನೂ ಓದಿದ್ದ, ಅಲ್ಲಿಗೆ ಮುಗಿಯಿತು. ಅವರ ಕಡೆಯ ಅತ್ಯಂತ ಗಟ್ಟಿ ಸಾಕ್ಷಿ ಐದು ಗ್ರೀಕ್ ಪದಗಳ ಒಂದು ಪ್ರಶ್ನೆ. ಬಂಧನದಲ್ಲಿರುವ ಯೇಸುವನ್ನು ಜನರು ಹಿಂಸಿಸುವಾಗ, ಮಾರ್ಕನಲ್ಲಿ ಅವನ ಮುಖ ಮುಚ್ಚಿ ಗುದ್ದಿ, ಪ್ರವಾದನೆ ಹೇಳು ಎಂದು ಕೆಣಕುತ್ತಾರೆ, ಅಷ್ಟೆ. ಲೂಕನಲ್ಲೂ ಮತ್ತಾಯನಲ್ಲೂ ಅದರ ಬೆನ್ನಿಗೇ, ಹೊಡೆದವನು ಯಾರೆಂದು ಕೇಳುವ ಪ್ರಶ್ನೆ ಅವೇ ಐದು ಪದಗಳಲ್ಲಿ ಬರುತ್ತದೆ. ಕ್ಯೂ ಸಿದ್ಧಾಂತದ ಪ್ರಕಾರ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಕ್ಯೂ ಪುಸ್ತಕದಲ್ಲಿ ಯೇಸುವಿನ ಮರಣದ ಕಥೆಯೂ ಇರಲಿಲ್ಲ. ಹಾಗಾದರೆ ಈ ಪದಗಳು ಇಬ್ಬರಿಗೂ ಬಂದದ್ದೆಲ್ಲಿಂದ? ಕ್ಯೂ ಪರವಾಗಿ 1924ರಲ್ಲಿ ದೊಡ್ಡ ಗ್ರಂಥ ಬರೆದ ಬಿ. ಎಚ್. ಸ್ಟ್ರೀಟರ್, ಮತ್ತಾಯನಲ್ಲಿ ಈ ಪ್ರಶ್ನೆ ಮೊದಲು ಇರಲಿಲ್ಲ, ಲಿಪಿಕಾರರು ಲೂಕನಿಂದ ತಂದು ಸೇರಿಸಿದರು ಎಂದರು. ಆದರೆ ಮತ್ತಾಯನ ಉಳಿದಿರುವ ಗ್ರೀಕ್ ಹಸ್ತಪ್ರತಿಗಳಲ್ಲಿ ಈ ಪ್ರಶ್ನೆಯಿಲ್ಲದ ಪ್ರತಿ ಒಂದೂ ಇಲ್ಲ. ಸ್ಟ್ರೀಟರ್ ಪರವಾಗಿಯೂ ಒಂದು ಮಾತಿದೆ: ಮತ್ತಾಯನಲ್ಲಿ ಯೇಸುವಿನ ಮುಖ ಮುಚ್ಚುವುದೇ ಇಲ್ಲ. ಕಣ್ಣೆದುರೇ ಹೊಡೆದು, ಹೊಡೆದವರು ಯಾರೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಲೂಕ ಮತ್ತಾಯನನ್ನು ಓದಿದ್ದರೆ ಅವನು ಮಾಡಿದ ಇನ್ನೊಂದು ಕೆಲಸಕ್ಕೂ ಉತ್ತರ ಕೊಡಬೇಕು. ಮತ್ತಾಯ ಮೂರು ಅಧ್ಯಾಯಗಳಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಪರ್ವತ ಪ್ರಸಂಗವನ್ನು ಒಡೆದು, ಒಂದು ಪಾಲನ್ನು ತನ್ನ ಆರನೇ ಅಧ್ಯಾಯದಲ್ಲಿಟ್ಟು, ಉಳಿದದ್ದರಲ್ಲಿ ಬಹಳಷ್ಟನ್ನು ಗ್ರಂಥದ ಉದ್ದಕ್ಕೂ ಚದುರಿಸಿದ ಎಂದಾಗುತ್ತದೆ. ಜನನದ ಕಥೆಯಲ್ಲಿ ಜ್ಯೋಯಿಸರನ್ನು ಬಿಟ್ಟು ಕುರುಬರನ್ನು ತಂದ ಎಂದಾಗುತ್ತದೆ. ಲೂಕನಿಗೆ ಉದ್ದ ಭಾಷಣಗಳು ಹಿಡಿಸುತ್ತಿರಲಿಲ್ಲ ಎಂದು ಫಾರರ್ ಕಡೆಯವರು ಉತ್ತರಿಸುತ್ತಾರೆ. ಅವರ ವಾದ ಇತ್ತೀಚಿನ ದಶಕಗಳಲ್ಲಿ ಬಲಗೊಂಡಿದೆ. ನನ್ನ ಅಭಿಪ್ರಾಯ ಕೇಳಿದರೆ, ಮಾರ್ಕ ಮೊದಲು ಎಂಬುದರ ಮೇಲೆ ನಿಶ್ಚಿಂತೆಯಿಂದ ಕಾಲೂರಬಹುದು. ಕ್ಯೂ ಮೇಲೆ ಹಾಗೆ ಊರಲಾಗದು. ಅದನ್ನು ಕೆಲಸಕ್ಕೆ ಬರುವ ಊಹೆ ಎಂದು ಬಳಸಬೇಕೇ ಹೊರತು, ಇಲ್ಲದ ಪುಸ್ತಕದ ಒಳಪದರಗಳನ್ನೂ ಅದನ್ನು ಬರೆದ ಸಮುದಾಯದ ಚರಿತ್ರೆಯನ್ನೂ ಕಟ್ಟಲು ಹೊರಟವರು ಸಾಕ್ಷಿಯನ್ನು ಮೀರಿ ಹೋಗಿದ್ದಾರೆ.

ಗ್ರೀಕ್ ಬರದಿದ್ದರೂ ಓದುಗರು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ಕನ್ನಡ ಬೈಬಲಿನಲ್ಲಿ ಐದು ಸಾವಿರ ಜನರಿಗೆ ಊಟ ಬಡಿಸಿದ ಕಥೆಯನ್ನು ತೆಗೆಯಿರಿ. ಮಾರ್ಕ 6ನೇ ಅಧ್ಯಾಯದ 30ರಿಂದ 44ನೇ ವಚನ, ಲೂಕ 9ನೇ ಅಧ್ಯಾಯದ 10ರಿಂದ 17ನೇ ವಚನ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಲೂಕ ಇವರನ್ನೆಲ್ಲ ಬೇತ್ಸಾಯಿದ ಎಂಬ ಪಟ್ಟಣದ ಕಡೆಗೆ ಕರೆದುಕೊಂಡು ಹೋಗಿದ್ದಾನಲ್ಲ, ಎರಡು ವಚನ ಕಳೆಯುವುದರೊಳಗೆ ಶಿಷ್ಯರು ತಾವಿರುವುದು ನಿರ್ಜನ ಸ್ಥಳ, ಜನರನ್ನು ಊಟ ಹುಡುಕಿಕೊಳ್ಳಲು ಊರುಗಳಿಗೆ ಕಳುಹಿಸಿ ಎಂದು ಹೇಳುವುದೇಕೆ?